ಹಸು ಕೇಳಬೇಡಿ, ಮೇವು ಕೇಳಿ: ಮಹಿಳಾ ಸಂಘದ ಅನುದಾನ ಅರ್ಜಿ ಎಲ್ಲಿ ಬೀಳುತ್ತದೆ

ಪ್ರಶ್ನೆ: "ನಮ್ಮದು 14 ಜನರ ಸ್ವಸಹಾಯ ಸಂಘ, ಆರು ವರ್ಷದಿಂದ ನಡೀತಿದೆ, ಬ್ಯಾಂಕಿನ ಎರಡು ಸಾಲ ತೀರಿಸಿದ್ದೇವೆ. ಹತ್ತು ಜನಕ್ಕೆ ಹೈನುಗಾರಿಕೆ ಮಾಡುವ ಆಸೆ, ನಾಲ್ವರಿಗೆ ಹೊಲಿಗೆ. ಒಂದು ಕಂಪನಿ ಸಮಾಜದ ಕೆಲಸಕ್ಕೆ ಅಂತ ಕೊಡುವ ಸಿಎಸ್‌ಆರ್ ಹಣಕ್ಕೆ ಅರ್ಜಿ ಹಾಕಿದೆವು. ಹತ್ತು ಹಸು, ಒಂದು ದೊಡ್ಡ ಕೊಟ್ಟಿಗೆ, ನಾಲ್ಕು ಹೊಲಿಗೆ ಯಂತ್ರ, ಒಟ್ಟು 14 ಲಕ್ಷ ಕೇಳಿದ್ದೆವು. ಪ್ರಾಜೆಕ್ಟ್ ರಿಪೋರ್ಟನ್ನು ತಾಲ್ಲೂಕಿನ ಡಿಟಿಪಿ ಅಂಗಡಿಯಲ್ಲಿ ದುಡ್ಡು ಕೊಟ್ಟು ಮಾಡಿಸಿದ್ದು. 'ಯೋಜನೆ ಸುಸ್ಥಿರವಾಗಿಲ್ಲ' ಅಂತ ಒಂದು ಸಾಲಿನ ಉತ್ತರ ಬಂತು. ಇಂಗ್ಲಿಷ್ ಸರಿ ಇರಲಿಲ್ಲವಾ? ಜಾಸ್ತಿ ಕೇಳಿಬಿಟ್ಟೆವಾ? ಮತ್ತೆ ಹಾಕಬಹುದಾ, ಹೇಗೆ?"

ಉತ್ತರ: ಇಂಗ್ಲಿಷಿನ ತಪ್ಪಿಗೆ ಅರ್ಜಿ ಬಿದ್ದದ್ದನ್ನು ನಾನು ನೋಡಿಲ್ಲ. ಮೊತ್ತ ದೊಡ್ಡದಾಯಿತು ಎನ್ನುವ ಒಂದೇ ಕಾರಣಕ್ಕೆ ಬಿದ್ದದ್ದೂ ಕಡಿಮೆ. ಆ ಒಂದು ಸಾಲನ್ನು ಬಿಡಿಸಿ ಹೇಳಿದರೆ ಇಷ್ಟೇ: "ಹಸು ಹಾಲು ನಿಲ್ಲಿಸಿದ ತಿಂಗಳುಗಳಲ್ಲಿ ಏನು ಮಾಡ್ತೀರಿ ಅಂತ ನಿಮ್ಮ ಕಾಗದದಲ್ಲಿ ಇಲ್ಲ." ಮತ್ತೆ ಖಂಡಿತ ಹಾಕಬಹುದು. ಆದರೆ ಹಳೆಯ ರಿಪೋರ್ಟನ್ನು ತಿದ್ದಲು ಕೂರಬೇಡಿ, ಬದಿಗಿಡಿ.

ಮೊದಲು ದುಡ್ಡು ಬರುವ ದಾರಿಯ ವಿಷಯ ಮುಗಿಸಿಬಿಡೋಣ. ನಿಮ್ಮ ಸಂಘ ನೋಂದಣಿ ಆದ ಸಂಸ್ಥೆ ಅಲ್ಲದಿದ್ದರೆ (ಹೆಚ್ಚಿನ ಸ್ವಸಹಾಯ ಸಂಘಗಳು ಅಲ್ಲ) ಸಿಎಸ್‌ಆರ್ ಹಣ ನೇರವಾಗಿ ನಿಮ್ಮ ಖಾತೆಗೆ ಅನುದಾನವಾಗಿ ಬರುವುದಿಲ್ಲ. 2021ರ ಏಪ್ರಿಲ್‌ನಿಂದ, ಕಂಪನಿಗಳ ಪರವಾಗಿ ಕೆಲಸ ಮಾಡಿಸುವ ಸಂಸ್ಥೆ ಸಿಎಸ್‌ಆರ್-1 ಎಂಬ ನಮೂನೆಯಲ್ಲಿ ನೋಂದಣಿ ಆಗಿರಬೇಕು. ಸಾಮಾನ್ಯವಾಗಿ ಅದು ಒಂದು ಟ್ರಸ್ಟೋ ಸೊಸೈಟಿಯೋ ಆಗಿರುತ್ತದೆ, ಆದಾಯ ತೆರಿಗೆ ವಿನಾಯಿತಿಯ 12ಎ ಮತ್ತು 80ಜಿ ನೋಂದಣಿ ಇರಬೇಕು, ಮೂರು ವರ್ಷದ ಕೆಲಸದ ಅನುಭವವನ್ನೂ ತೋರಿಸಬೇಕು. ಹಾಗಾಗಿ ನಿಮ್ಮ ಭಾಗದಲ್ಲಿ ಕೆಲಸ ಮಾಡುವ ಅಂಥ ಒಂದು ಸಂಸ್ಥೆಯ ಮೂಲಕ ಹೋಗಬೇಕು. ಯಾವ ಸಂಸ್ಥೆ ಅಂತ ಗೊತ್ತಾಗದಿದ್ದರೆ ಸರ್ಕಾರದ ಗ್ರಾಮೀಣ ಜೀವನೋಪಾಯ ಯೋಜನೆಯಾದ ಸಂಜೀವಿನಿಯ ಗ್ರಾಮ ಪಂಚಾಯಿತಿ ಮಟ್ಟದ ಒಕ್ಕೂಟದಲ್ಲಿ ಕೇಳಿ. ಅವರಿಗೆ ಯಾರು ನಿಜವಾಗಿ ಹಳ್ಳಿಗೆ ಬರ್ತಾರೆ, ಯಾರು ಫೋಟೋಗೆ ಮಾತ್ರ ಬರ್ತಾರೆ ಅಂತ ಗೊತ್ತಿರುತ್ತದೆ.

"ಸರ್ಕಾರದಿಂದ ಸಂಘಕ್ಕೆ ಲಕ್ಷಗಟ್ಟಲೆ ಅನುದಾನ ಬರುತ್ತೆ" ಎನ್ನುವ ಮಾತೂ ಹಳ್ಳಿಗಳಲ್ಲಿ ಓಡಾಡುತ್ತಿರುತ್ತದೆ. ಸಂಜೀವಿನಿಯಲ್ಲಿ ಸುತ್ತುನಿಧಿ ಅಂತ ಬರುವುದು ಸಣ್ಣ ಮೊತ್ತ. ಸಮುದಾಯ ಬಂಡವಾಳ ನಿಧಿ ಒಕ್ಕೂಟದ ಮೂಲಕ ಸಾಲವಾಗಿ ಬರುತ್ತದೆ, ಅದನ್ನು ವಾಪಸ್ ಕಟ್ಟಬೇಕು. ದೊಡ್ಡ ದುಡ್ಡು ಯಾವತ್ತೂ ಬ್ಯಾಂಕಿನ ಸಾಲವೇ. ಸಂಘಗಳಿಗೆ 10 ಲಕ್ಷದವರೆಗೆ ಅಡಮಾನ ಕೇಳುವಂತಿಲ್ಲ. ಎರಡು ಸಾಲ ಸರಿಯಾಗಿ ತೀರಿಸಿದ ನಿಮ್ಮಂಥ ಸಂಘ ಮೂರನೇ ಸುತ್ತಿನಲ್ಲಿ 6 ಲಕ್ಷ ಕೇಳುವುದು ದೊಡ್ಡ ಮಾತೇನಲ್ಲ. ಇದನ್ನು ಈಗಲೇ ಯಾಕೆ ಹೇಳಿದೆ ಅಂದರೆ, ನನ್ನ ಸಲಹೆ ಇಡೀ ನಿಂತಿರುವುದು ಇದರ ಮೇಲೆ. ಹಸುವಿಗೆ ಬ್ಯಾಂಕ್ ಸಾಲ ಕೊಡುತ್ತದೆ. ಬ್ಯಾಂಕ್ ಕೊಡದ ವಸ್ತುಗಳಿಗೆ ಅನುದಾನ ಕೇಳಿ.

ಈಗ ಆ ಡಿಟಿಪಿ ರಿಪೋರ್ಟ್. ನೀವು ಕಳಿಸದಿದ್ದರೂ ಅದರಲ್ಲಿ ಏನಿತ್ತು ಅಂತ ಸುಮಾರಾಗಿ ಊಹಿಸಬಲ್ಲೆ, ಅಂಥವು ನನ್ನ ಮೇಜಿನ ಮೇಲೆ ಬರ್ತಾನೇ ಇರುತ್ತವೆ. ಕೆಲವದರಲ್ಲಿ ಹಿಂದಿನ ಗಿರಾಕಿಯ ಊರಿನ ಹೆಸರು ಮೂರನೇ ಪುಟದಲ್ಲಿ ಹಾಗೇ ಉಳಿದಿರುತ್ತದೆ! ಲೆಕ್ಕ ಮಾತ್ರ ಎಲ್ಲದರಲ್ಲೂ ಒಂದೇ: ಒಂದು ಹಸು ದಿನಕ್ಕೆ 15 ಲೀಟರ್, ವರ್ಷಕ್ಕೆ 365 ದಿನ, ಲೀಟರಿಗೆ 35 ರೂಪಾಯಿ, ಹಸುವೊಂದಕ್ಕೆ ವರ್ಷಕ್ಕೆ 1,91,625 ರೂಪಾಯಿ ಆದಾಯ. ಹಸು ಸಾಕಿದ ಯಾರಿಗಾದರೂ ಇದು ಓದಿ ನಗು ಬರಬೇಕು. ಹಸು ಈದ ಎರಡನೇ ತಿಂಗಳಿನ ಹೊತ್ತಿಗೆ 14 ಲೀಟರ್ ಕೊಟ್ಟರೆ ಹತ್ತನೇ ತಿಂಗಳಿಗೆ ಐದಾರು ಲೀಟರಿಗೆ ಇಳಿದಿರುತ್ತದೆ, ಆಮೇಲೆ ಮುಂದಿನ ಕರುವಿನವರೆಗೆ ಏನೂ ಇಲ್ಲ. ಅರ್ಜಿ ಓದುವವರಲ್ಲಿ ಒಬ್ಬರಾದರೂ ಪಶುವೈದ್ಯರು ಇರ್ತಾರೆ. 365 ಎನ್ನುವ ಅಂಕಿ ಕಂಡ ಕೂಡಲೇ ಅವರು ಪುಟ ಮಡಚಿಡುತ್ತಾರೆ.

ನಿಜವಾದ ಲೆಕ್ಕ ಒಂದೇ ಒಂದು ಹಸುವಿಗೆ ಮಾಡಿ ತೋರಿಸುತ್ತೇನೆ. ದರಗಳನ್ನು ನಾನು ಅಂದಾಜಿಗೆ ಹಾಕಿದ್ದೇನೆ, ನೀವು ನಿಮ್ಮೂರ ಡೇರಿ ಚೀಟಿ ಮತ್ತು ಪಶು ಆಹಾರದ ಬಿಲ್ಲು ಇಟ್ಟುಕೊಂಡು ಬದಲಾಯಿಸಿ.

ಎರಡನೇ ಸೂಲಿನ ಒಂದು ಸೀಮೆ ಹಸು, ಬೆಲೆ 60,000. ಒಂದು ಕರುವಿನಿಂದ ಮುಂದಿನ ಕರುವಿಗೆ 14 ತಿಂಗಳು ಅಂತ ಇಟ್ಟುಕೊಳ್ಳಿ. ಇದರಲ್ಲಿ 10 ತಿಂಗಳು ಹಾಲು, 4 ತಿಂಗಳು ಬರಿದು. ಹಾಲು ಕೊಡುವ 300 ದಿನಕ್ಕೆ ಸರಾಸರಿ 10 ಲೀಟರ್ ಅಂದರೆ 3,000 ಲೀಟರ್. ಮನೆಗೆ ದಿನಕ್ಕೊಂದು ಲೀಟರ್ ಬೇಕೇ ಬೇಕು ಅಲ್ವಾ, ಅದನ್ನು ಬಿಟ್ಟರೆ ಡೇರಿಗೆ ಹೋಗುವುದು 2,700 ಲೀಟರ್. 35 ರೂಪಾಯಿಯಂತೆ 94,500. ಲೀಟರಿಗೆ 35 ಸಿಗಬೇಕಾದರೂ ಫ್ಯಾಟ್ 3.5, ಫ್ಯಾಟ್ ಬಿಟ್ಟು ಹಾಲಿನಲ್ಲಿ ಉಳಿಯುವ ಗಟ್ಟಿ ಅಂಶ ಅಂದರೆ ಎಸ್‌ಎನ್‌ಎಫ್ 8.5ರ ಆಸುಪಾಸಿನಲ್ಲಿ ಇರಬೇಕು. ಎಸ್‌ಎನ್‌ಎಫ್ ಕೆಳಗಿಳಿದರೆ ದರವೂ ಇಳಿಯುತ್ತದೆ.

ಖರ್ಚಿನಲ್ಲಿ ದೊಡ್ಡದು ಪಶು ಆಹಾರ. ಎರಡೂವರೆ ಲೀಟರ್ ಹಾಲಿಗೆ ಒಂದು ಕೆಜಿ, ಜೊತೆಗೆ ಹಸುವಿನ ಮೈಗೆ ಅಂತ ಒಂದೂವರೆ ಕೆಜಿ. ಹಾಲಿನ ದಿನಗಳಲ್ಲಿ ದಿನಕ್ಕೆ ಐದೂವರೆ ಕೆಜಿ, ಬರಿದಿನ ದಿನಗಳಲ್ಲಿ 2 ಕೆಜಿ, ಒಟ್ಟು 1,890 ಕೆಜಿ. ಕೆಜಿಗೆ 27 ಹಿಡಿದರೆ 51,000 ರೂಪಾಯಿ. ಒಣ ಹುಲ್ಲು ಕೊಳ್ಳುವವರಿಗೆ 10,500. ಔಷಧಿ, ಗರ್ಭಧಾರಣೆ, ಖನಿಜ ಮಿಶ್ರಣ 6,000. ವಿಮೆ 2,400. ಒಟ್ಟು ಸುಮಾರು 70,000.

ಉಳಿದದ್ದು 24,500. ಅದನ್ನು 14 ತಿಂಗಳಿಗೆ ಹಂಚಿ: ತಿಂಗಳಿಗೆ 1,750. 60,000 ಸಾಲವನ್ನು ವರ್ಷಕ್ಕೆ ನೂರಕ್ಕೆ ಹತ್ತರ ಬಡ್ಡಿಯಲ್ಲಿ ಮೂರು ವರ್ಷಕ್ಕೆ ಹಾಕಿದರೆ ಕಂತೇ 1,940 ಆಗುತ್ತದೆ. ಅಂದರೆ ಹಾಲಿನ ದುಡ್ಡಿನಿಂದ ಕಂತೂ ಪೂರ್ತಿ ಬರಲಿಲ್ಲ, ಮಾಡಿದವಳ ಕೂಲಿಯಂತೂ ಲೆಕ್ಕಕ್ಕೇ ಇಲ್ಲ. ಸರ್ಕಾರದ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ಸೇರಿಸಿದರೆ ಕಂತು ಕಟ್ಟಿ ತಿಂಗಳಿಗೆ 770 ಉಳಿಯುತ್ತದೆ. ಆದರೆ ಆ ದುಡ್ಡು ತಿಂಗಳುಗಟ್ಟಲೆ ತಡವಾಗಿ ಬರುವುದು ನಿಮಗೆ ಗೊತ್ತೇ ಇದೆ. ಅದನ್ನು ನಂಬಿ ಕಂತಿನ ದಿನಾಂಕ ಬರೆಯಬೇಡಿ.

ಈ ಲೆಕ್ಕ ನೋಡಿ ಹಲವರು "ಹಾಗಾದರೆ ಹಸುವನ್ನೇ ಅನುದಾನದಲ್ಲಿ ಕೇಳೋಣ, ಕಂತಿನ ತಲೆನೋವೇ ಇಲ್ಲ" ಅಂತಾರೆ. ಸಹಜವಾದ ಮಾತು. ಆದರೆ ಪುಕ್ಕಟೆ ಬಂದ ಹಸು ಮೊದಲನೇ ಬರಿದಿನ ತಿಂಗಳಲ್ಲೇ ಸಂತೆಗೆ ಹೋಗುತ್ತದೆ. ಕಾರಣ ಸೋಮಾರಿತನ ಅಲ್ಲ. ಆ 4 ತಿಂಗಳಲ್ಲಿ ಪಶು ಆಹಾರ ಮತ್ತು ಹುಲ್ಲಿಗೇ 9,500 ಬೇಕು, ಹಾಲಿನ ಆದಾಯ ಸೊನ್ನೆ. ಮನೆಯಲ್ಲಿ ಬೇರೆ ದುಡ್ಡಿಲ್ಲದವಳು ಹಸುವಿನ ತಿಂಡಿ ಕಡಿಮೆ ಮಾಡ್ತಾಳೆ, ಹಸು ಸೊರಗುತ್ತದೆ, ಈದ ಮೇಲೆ 14ರ ಬದಲು 9 ಲೀಟರ್ ಕೊಡುತ್ತದೆ, ಬೆದೆಗೂ ಸರಿಯಾಗಿ ಬರುವುದಿಲ್ಲ. ಇಲ್ಲವಾದರೆ ಮೊದಲೇ ಮಾರಿಬಿಡ್ತಾಳೆ. ಅರ್ಜಿ ಓದುವವರ ಭಯ ಇದೇ: ವರ್ಷ ಕಳೆದು ಹಳ್ಳಿಗೆ ಹೋದರೆ ಹತ್ತರಲ್ಲಿ ನಾಲ್ಕು ಹಸು ಇರುತ್ತವೆ, ಉಳಿದ ಆರು ಎಲ್ಲಿ ಅಂತ ಕೇಳಿದರೆ ಎಲ್ಲರೂ ನೆಲ ನೋಡ್ತಾರೆ.

ಹಾಗಾದರೆ ಅನುದಾನವನ್ನು ಎಲ್ಲಿ ಹಾಕಿದರೆ ಈ ಲೆಕ್ಕ ಬದಲಾಗುತ್ತದೆ? ನನ್ನ ಉತ್ತರ ಮೇವು. 20 ಕೆಜಿಯಷ್ಟು ಹಸಿರು ಹುಲ್ಲು ಒಂದು ಕೆಜಿ ಪಶು ಆಹಾರದ ಜಾಗ ತುಂಬುತ್ತದೆ ಎನ್ನುವುದು ಹೈನುಗಾರಿಕೆಯ ಸಾಮಾನ್ಯ ಲೆಕ್ಕ. ದಿನಕ್ಕೆ ಒಂದು ಕೆಜಿ ಪಶು ಆಹಾರ ಉಳಿದರೆ 14 ತಿಂಗಳಿಗೆ 11,000ಕ್ಕೂ ಜಾಸ್ತಿ ಉಳಿಯಿತು. ಆಗ ಪ್ರೋತ್ಸಾಹಧನವೂ ಸೇರಿ, ಕಂತು ಕಟ್ಟಿದ ಮೇಲೆ ತಿಂಗಳಿಗೆ 1,580 ಕೈಗೆ. ದೊಡ್ಡ ದುಡ್ಡಲ್ಲ, ನಿಜ. ಆದರೆ ಮೂರು ವರ್ಷಕ್ಕೆ ಸಾಲ ತೀರಿ ಹಸು ಅವಳದ್ದಾಗಿ ಉಳಿಯುತ್ತದೆ, ಜೊತೆಗೆ ಕರುಗಳು, ಗೊಬ್ಬರ. ಇದನ್ನೇ ಇನ್ನೊಂದು ಕಡೆಯಿಂದಲೂ ನೋಡಿ. ಸರಾಸರಿ 10ರ ಬದಲು 8 ಲೀಟರ್ ಆಯಿತು ಅಂತ ಇಟ್ಟುಕೊಳ್ಳಿ, ಆಗೋದೇ ಅದು. ಮೇವಿಲ್ಲದವಳಿಗೆ ಪ್ರೋತ್ಸಾಹಧನ ಬಂದರೂ ಕಂತು ತುಂಬುವುದಿಲ್ಲ. ಮೇವಿದ್ದವಳಿಗೆ ಕಂತು ಕಟ್ಟಿ ಮೂರು ನೂರಾದರೂ ಉಳಿಯುತ್ತದೆ. ಈ ಎರಡು ಸಾಲನ್ನು ನಿಮ್ಮ ಅರ್ಜಿಯಲ್ಲಿ ಹಾಕಿ. "ಆದಾಯ ದ್ವಿಗುಣ" ಅಂತ ಬರೆಯುವುದಕ್ಕಿಂತ, ಹಾಲು ಕಡಿಮೆಯಾದರೆ ನಾವು ಹೇಗೆ ನಿಲ್ಲುತ್ತೇವೆ ಅಂತ ಬರೆದವರನ್ನು ಅವರು ನಂಬುತ್ತಾರೆ.

ಹತ್ತು ಹಸುವಿಗೆ ದಿನಕ್ಕೆ 20 ಕೆಜಿಯಂತೆ ಹುಲ್ಲು ಕೊಡಲು ನೀರಿರುವ ಒಂದು ಎಕರೆ ಹೈಬ್ರಿಡ್ ನೇಪಿಯರ್ ಸಾಕಾಗುತ್ತದೆ. ಎಕರೆಗೆ ಸುಮಾರು 13,000 ತುಂಡು ಬೇಕು. ನೆಟ್ಟು 75–80 ದಿನಕ್ಕೆ ಮೊದಲ ಕೊಯ್ಲು, ಆಮೇಲೆ ಸುಮಾರು 45 ದಿನಕ್ಕೊಮ್ಮೆ. ಇದರ ಅರ್ಥ ಏನು ಅಂದರೆ ಹುಲ್ಲನ್ನು ಹಸು ಬರುವ ಮೂರು ತಿಂಗಳು ಮೊದಲೇ ನೆಡಬೇಕು. ನಿಮ್ಮ ಕಾಲಪಟ್ಟಿಯಲ್ಲಿ ಮೊದಲ ತಿಂಗಳು "ಹಸು ಖರೀದಿ" ಅಂತಿದ್ದರೆ ಅದನ್ನು ನಾಲ್ಕನೇ ತಿಂಗಳಿಗೆ ತಳ್ಳಿ. ಎಕರೆ ಒಂದೇ ಕಡೆ ಇರಬೇಕು ಅಂತಿಲ್ಲ. ನಾಲ್ವರ ಹೊಲದಲ್ಲಿ ಹತ್ತು ಹತ್ತು ಗುಂಟೆ ಆದರೂ ಆಯಿತು. ಯಾರ ಪಹಣಿ, ಎಷ್ಟು ಗುಂಟೆ, ನೀರು ಯಾವ ಬೋರಿನದು, ಹುಲ್ಲನ್ನು ಸಂಘದ ಬೇರೆಯವರಿಗೆ ಯಾವ ದರಕ್ಕೆ ಕೊಡ್ತಾರೆ ಅಂತ ಅರ್ಧ ಪುಟದ ಒಪ್ಪಂದ ಬರೆದು ಎಲ್ಲರ ಸಹಿ ಹಾಕಿಸಿ. ಮಳೆ ಬಂದಾಗ ಹುಲ್ಲಿಗೆ ಬೆಲೆ ಇರುವುದಿಲ್ಲ, ಮಾರ್ಚ್ ಬಂದ ಕೂಡಲೇ ಜಗಳ ಶುರುವಾಗುತ್ತದೆ. ಒಪ್ಪಂದ ಬೇಕಾಗುವುದು ಆಗ.

ಇನ್ನು ಕೊಟ್ಟಿಗೆ. ಒಂದೇ ದೊಡ್ಡ ಕೊಟ್ಟಿಗೆಯನ್ನು ದಯವಿಟ್ಟು ಅರ್ಜಿಯಿಂದ ತೆಗೆದುಬಿಡಿ. ಬೆಳಿಗ್ಗೆ ಐದಕ್ಕೆ ಹಾಲು ಕರೆಯುವವರು ಯಾರು, ಸಗಣಿ ಬಾಚುವವರು ಯಾರು, ಒಬ್ಬಳ ಹಸು 12 ಲೀಟರ್ ಕೊಟ್ಟು ಇನ್ನೊಬ್ಬಳದು 6 ಕೊಟ್ಟರೆ ಹಂಚುವುದು ಹೇಗೆ? ಒಂದು ಹಸುವಿಗೆ ಕಾಲುಬಾಯಿ ಬಂದರೆ ಹತ್ತಕ್ಕೂ ಬರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಆ ಕೊಟ್ಟಿಗೆ ಯಾರದೋ ಜಾಗದಲ್ಲಿ ಏಳಬೇಕು. ಐದು ವರ್ಷ ಬಿಟ್ಟು ನೋಡಿದರೆ ಅದು ಜಾಗದವರ ಗೋದಾಮು ಆಗಿರುತ್ತದೆ. ಹಸು ಅವರವರ ಮನೆಯಲ್ಲೇ ಇರಲಿ, ಅವಳ ಹೆಸರಲ್ಲೇ ಇರಲಿ. ಹಾಗೇ ಡೇರಿಯ ಸದಸ್ಯತ್ವವೂ ಅವಳ ಹೆಸರಲ್ಲಿ ಇರಬೇಕು. ಎಷ್ಟೋ ಮನೆಗಳಲ್ಲಿ ಹಾಲು ಕರೆಯುವವಳು ಹೆಂಡತಿ, ಡೇರಿ ಪಾಸ್‌ಬುಕ್ಕಿನಲ್ಲಿ ಗಂಡನ ಹೆಸರು, ದುಡ್ಡು ಅವನ ಖಾತೆಗೆ. ಮಹಿಳೆಯರ ಯೋಜನೆ ಅಂತ ದುಡ್ಡು ಕೊಡುವವರು ಮೊದಲು ನೋಡುವ ಕಾಗದ ಅದೇ. ಅರ್ಜಿ ಹಾಕುವ ಮೊದಲೇ ಹತ್ತೂ ಜನ ಸದಸ್ಯತ್ವ ಮಾಡಿಸಿಕೊಂಡು ಅದರ ಪ್ರತಿ ಲಗತ್ತಿಸಿ.

ಸಂಘವಾಗಿ ಒಟ್ಟಿಗೆ ಇಟ್ಟುಕೊಳ್ಳಬೇಕಾದದ್ದು ಬೇರೆ ಇದೆ, ಅನುದಾನ ಕೇಳಬೇಕಾದದ್ದೂ ಅದಕ್ಕೇ. ನಾನು ನಿಮಗೆ ಬರೆದುಕೊಡುವುದಾದರೆ ಹೀಗೆ ಬರೆಯುತ್ತೇನೆ: ಮೋಟಾರಿನ ಮೇವು ಕತ್ತರಿಸುವ ಯಂತ್ರ ಎರಡು, 50,000. ಒಂದು ಎಕರೆ ಹುಲ್ಲಿಗೆ ತುಂಡು, ಉಳುಮೆ, ಪೈಪು, 35,000. ಹತ್ತು ಹಸುವಿಗೆ ಮೂರು ವರ್ಷದ ವಿಮೆ, 60,000. ರಬ್ಬರ್ ಮ್ಯಾಟ್, 25,000. ಕೆಚ್ಚಲು ಬಾವು ಪರೀಕ್ಷೆಯ ದ್ರಾವಣ, ಥರ್ಮಾಮೀಟರ್, ದಾಖಲೆ ಪುಸ್ತಕ, ಊರಲ್ಲೇ ಹಸುಗಳ ಆರೈಕೆ ನೋಡುವ ಪಶು ಸಖಿಯ ಭೇಟಿ ಖರ್ಚು ಸೇರಿ 30,000. ಕೊನೆಯದು ಬರಿದಿನ ತಿಂಗಳ ನಿಧಿ, 60,000. ಒಟ್ಟು 2,60,000 ಅನುದಾನ. ಹಸುಗಳಿಗೆ ಬ್ಯಾಂಕ್ ಸಾಲ 6 ಲಕ್ಷ. ಕೊಟ್ಟಿಗೆ ರಿಪೇರಿ, ಹಸು ಸಾಗಿಸುವ ಖರ್ಚಿಗೆ ಸದಸ್ಯೆಯರ ಸ್ವಂತ ದುಡ್ಡು ತಲಾ 5,000ದಂತೆ 50,000. ಯೋಜನೆ 9,10,000ದ್ದು, ಕೇಳುತ್ತಿರುವುದು ಮೂರನೇ ಒಂದು ಭಾಗಕ್ಕಿಂತ ಕಡಿಮೆ. 14 ಲಕ್ಷ ಪೂರ್ತಿ ಕೇಳಿದ್ದಕ್ಕೂ ಇದಕ್ಕೂ ಎಷ್ಟು ವ್ಯತ್ಯಾಸ ಕಾಣುತ್ತದೆ ನೋಡಿ. ತರಬೇತಿಗೆ ದುಡ್ಡು ಹಾಕಿಲ್ಲ, ಯಾಕೆಂದರೆ ರುಡ್‌ಸೆಟ್ ಮತ್ತು ಬ್ಯಾಂಕುಗಳ ಆರ್‌ಸೆಟಿ ಕೇಂದ್ರಗಳಲ್ಲಿ ಹೈನುಗಾರಿಕೆ ತರಬೇತಿ ಊಟ ವಸತಿ ಸಮೇತ ಉಚಿತ.

ಬರಿದಿನ ತಿಂಗಳ ನಿಧಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಾಲು ನಿಂತ ಸದಸ್ಯೆಗೆ ಪಶು ಆಹಾರಕ್ಕೆ ಅಂತ 10,000 ಸಂಘ ಬಡ್ಡಿಯಿಲ್ಲದೆ ಕೊಡುತ್ತದೆ. ಸಾಧ್ಯವಾದರೆ ದುಡ್ಡಿನ ಬದಲು ಚೀಲವನ್ನೇ ಕೊಡಿ. ಹಸು ಈದ ಮೇಲೆ, ಹಾಲು ಜಾಸ್ತಿ ಇರುವ ನಾಲ್ಕು ತಿಂಗಳಲ್ಲಿ ತಿಂಗಳಿಗೆ 2,500ದಂತೆ ಅವಳು ವಾಪಸ್ ಕಟ್ಟುತ್ತಾಳೆ. ಹತ್ತು ಹಸುವನ್ನೂ ಒಂದೇ ವಾರ ತಂದರೆ ಹತ್ತೂ ಒಟ್ಟಿಗೆ ಬರಿದಾಗುತ್ತವೆ, ಆಗ ಒಂದು ಲಕ್ಷ ಬೇಕು. ಐದು ಈಗ, ಐದು ಏಳು ತಿಂಗಳು ಬಿಟ್ಟು ತಂದರೆ ಮೊದಲ ಐವರು ಕಟ್ಟಿದ ದುಡ್ಡೇ ಎರಡನೆಯ ಐವರಿಗೆ ಸಿಗುತ್ತದೆ, 60,000ದಲ್ಲಿ ಮುಗಿಯುತ್ತದೆ. ಡೇರಿಗೆ ಹಾಲೂ ವರ್ಷಪೂರ್ತಿ ಹೋಗುತ್ತದೆ. ಅನುದಾನ ಕೊಡುವವರಿಗೂ ಎರಡು ಕಂತಿನ ಯೋಜನೆ ಇಷ್ಟವಾಗುತ್ತದೆ, ಮೊದಲ ಐದನ್ನು ನೋಡಿ ಎರಡನೇ ಕಂತು ಬಿಡಬಹುದಲ್ಲ. ಈ ನಿಧಿಯಲ್ಲಿ ಅಪಾಯ ಇರುವುದು ಒಂದೇ: ಯಾರದೋ ಮಗಳ ಮದುವೆಗೆ ಅಂತ ಅದನ್ನು ತೆಗೆಯುವುದು. ಬೇರೆ ಖಾತೆಯಲ್ಲಿಡಿ, ನಡಾವಳಿ ಪುಸ್ತಕದಲ್ಲಿ ಠರಾವು ಬರೆಯಿರಿ.

ಎಡವುವ ಇನ್ನೊಂದು ಜಾಗ ಗಬ್ಬ. ಮೇಲಿನ ಲೆಕ್ಕದ 14 ತಿಂಗಳು ನಿಲ್ಲಬೇಕಾದರೆ ಹಸು ಈದ ನಾಲ್ಕೂವರೆ ತಿಂಗಳೊಳಗೆ ಗಬ್ಬ ಕಟ್ಟಬೇಕು. ಒಂದು ಬೆದೆ ತಪ್ಪಿದರೆ 21 ದಿನ ಹೋಯಿತು, ನಾಲ್ಕು ತಪ್ಪಿದರೆ ಹತ್ತಿರ ಹತ್ತಿರ ಮೂರು ತಿಂಗಳ ಬರಿದು ಹೆಚ್ಚಾಯಿತು. ಸಂಘದ ತಿಂಗಳ ಸಭೆಯಲ್ಲಿ ಉಳಿತಾಯದ ಜೊತೆ ಪ್ರತಿ ಹಸುವಿಗೂ ಮೂರು ಅಂಕಣ ಬರೆಯಿರಿ: ಈದ ದಿನ, ಗರ್ಭಧಾರಣೆಯ ಸೂಜಿ ಹಾಕಿಸಿದ ದಿನ, ಗಬ್ಬ ಖಚಿತವಾದ ದಿನ. ಮೂರನೇ ಅಂಕಣ ಐದು ತಿಂಗಳಾದರೂ ಖಾಲಿ ಇದ್ದರೆ ಆ ಹಸುವನ್ನು ಪಶುವೈದ್ಯರಿಗೆ ತೋರಿಸಿ. ಅರ್ಜಿಯಲ್ಲಿ "ಪ್ರಗತಿ ಅಳೆಯುವುದು ಹೇಗೆ" ಅಂತ ಕೇಳುವ ಕಡೆ ಇದನ್ನೇ ಬರೆಯಿರಿ, ಅದಕ್ಕಿಂತ ಒಳ್ಳೆಯ ಅಳತೆ ನನಗೆ ಗೊತ್ತಿಲ್ಲ.

ವಿಮೆಯಲ್ಲಿ ಒಂದೇ ಎಚ್ಚರ. ಹಸುವಿನ ಕಿವಿಗೆ ಹಾಕುವ ನಂಬರಿನ ಓಲೆ ಇಲ್ಲದೆ ಪರಿಹಾರ ಇಲ್ಲ. ಓಲೆ ಬಿದ್ದುಹೋದ ದಿನವೇ ತಿಳಿಸಿ ಹೊಸದು ಹಾಕಿಸಿ. ಚರ್ಮಗಂಟು ರೋಗ ನಿಮ್ಮ ಪಾಲಿಸಿಯಲ್ಲಿ ಸೇರಿದೆಯಾ ಅಂತ ಸಹಿ ಹಾಕುವ ಮುಂಚೆ ಕೇಳಿ. ಸರ್ಕಾರದ ಸಹಾಯಧನದ ವಿಮೆ ಆ ವರ್ಷ ನಿಮ್ಮ ತಾಲ್ಲೂಕಿನಲ್ಲಿ ಸಿಗುವುದಾದರೆ 60,000ದ ಸಾಲಿನಲ್ಲಿ ಅಷ್ಟು ಕಡಿಮೆ ಮಾಡಿ ತೋರಿಸಿ.

ಹೊಲಿಗೆಯ ನಾಲ್ವರನ್ನು ಮರೆತಿಲ್ಲ, ಆದರೆ ಅವರನ್ನು ಈ ಅರ್ಜಿಯಲ್ಲಿ ಸೇರಿಸಬೇಡಿ. ಎರಡು ಬೇರೆ ವ್ಯವಹಾರ ಒಂದೇ ಕಾಗದದಲ್ಲಿದ್ದರೆ ಓದುವವರಿಗೆ ಇವರು ಏನು ಸಿಕ್ಕರೆ ಅದು ಮಾಡುವವರು ಅನ್ನಿಸುತ್ತದೆ. ಹೊಲಿಗೆಯ ಕಷ್ಟ ಹಸುವಿನ ಕಷ್ಟಕ್ಕೆ ಉಲ್ಟಾ. ಹಾಲಿಗೆ ದಿನಾ ಎರಡು ಹೊತ್ತು ಕೊಳ್ಳುವವರಿದ್ದಾರೆ, ಖರ್ಚು ಜಾಸ್ತಿ. ಹೊಲಿಗೆಗೆ ಯಂತ್ರದ ಖರ್ಚು ಕಡಿಮೆ, ಕೊಳ್ಳುವವರೇ ಇರುವುದಿಲ್ಲ. ಒಂದು ಹಳ್ಳಿಯ ರವಿಕೆ, ಫಾಲ್ಸ್ ಕೆಲಸ ಒಬ್ಬಿಬ್ಬರಿಗೆ ಹೊಟ್ಟೆ ತುಂಬಿಸುತ್ತದೆ, ಅದೂ ಹಬ್ಬ ಮದುವೆ ಸೀಸನ್ನಿನಲ್ಲಿ. ನಾಲ್ವರಿಗೆ ಆಗಬೇಕಾದರೆ ಸಮವಸ್ತ್ರವೋ ಬಟ್ಟೆ ಚೀಲವೋ, ಹೊರಗಿನ ಆರ್ಡರ್ ಬೇಕು. ಆದ್ದರಿಂದ ಅವರು ಮೊದಲು ಇಬ್ಬರ ಹಳೆಯ ಯಂತ್ರದಲ್ಲೇ ಒಂದು ಸಣ್ಣ ಆರ್ಡರ್ ಮುಗಿಸಲಿ, ಎಷ್ಟು ಬಟ್ಟೆ ವಾಪಸ್ ಬಂತು, ದುಡ್ಡು ಎಷ್ಟು ದಿನಕ್ಕೆ ಬಂತು ಅಂತ ಬರೆದಿಡಲಿ. ಆ ಬಿಲ್ಲು ಮತ್ತು ಮುಂದಿನ ಆರ್ಡರಿನ ಪತ್ರ ಕೈಯಲ್ಲಿದ್ದರೆ ಒಂದು ಓವರ್‌ಲಾಕ್ ಯಂತ್ರ ಮತ್ತು ಕಟಿಂಗ್ ಮೇಜಿಗೆ ಬೇರೆ ಅರ್ಜಿ ಹಾಕಬಹುದು. ಪತ್ರ ಇಲ್ಲದೆ ಯಂತ್ರ ಬಂದರೆ ಅದರ ಮೇಲೆ ಬಟ್ಟೆ ಮುಚ್ಚಿಟ್ಟಿರುತ್ತಾರೆ, ನೋಡಿದ್ದೇನೆ.

ಭಾಷೆಯ ಬಗ್ಗೆ ಕೇಳಿದಿರಿ. ಕನ್ನಡದಲ್ಲೇ ಬರೆಯಿರಿ, ನಿಮ್ಮ ಒಕ್ಕೂಟದಲ್ಲಿ ಲೆಕ್ಕಪುಸ್ತಕ ಬರೆಯುವ ಎಂಬಿಕೆ ಕೂತು ಬರೆದರೆ ಡಿಟಿಪಿ ಅಂಗಡಿಗಿಂತ ಚೆನ್ನಾಗಿರುತ್ತದೆ. ನಾಲ್ಕೈದು ಪುಟ ಸಾಕು. ಜೊತೆಗೆ ಸಂಘ ನಡೆಸುವ ಐದು ನಿಯಮಗಳಾದ ಪಂಚಸೂತ್ರ ಪಾಲಿಸಿದ್ದಕ್ಕೆ ಸಾಕ್ಷಿಯಾಗಿ ಕಳೆದ ವರ್ಷದ ಸಭೆಯ ಹಾಜರಿ, ಉಳಿತಾಯ, ಆಂತರಿಕ ಸಾಲದ ಪುಟಗಳು, ಎರಡು ಸಾಲ ತೀರಿಸಿದ ಬ್ಯಾಂಕಿನ ಪತ್ರ. ಇಂಗ್ಲಿಷ್ ಬೇಕಾದರೆ ಜೊತೆಗಿರುವ ಸಂಸ್ಥೆ ಮಾಡಿಕೊಳ್ಳಲಿ. ಆದರೆ ಆ ಇಂಗ್ಲಿಷ್ ಪ್ರತಿಗೆ ಸಹಿ ಹಾಕುವ ಮೊದಲು ಗೊತ್ತಿರುವವರಿಂದ ಎರಡು ವಿಷಯ ಓದಿಸಿಕೊಳ್ಳಿ: ಅಂಕಿಗಳು ನೀವು ಬರೆದದ್ದೇನಾ, ಮತ್ತು ಯಂತ್ರ, ನಿಧಿಯ ಖಾತೆ ಸಂಘದ ಹೆಸರಲ್ಲಿ ಅಂತಿದೆಯಾ ಅಥವಾ ಆ ಸಂಸ್ಥೆಯ ಹೆಸರಲ್ಲಿ ಅಂತಿದೆಯಾ. ಸಂಸ್ಥೆಯ ಹೆಸರಲ್ಲಿದ್ದರೆ, ಯೋಜನೆ ಮುಗಿದ ಮೇಲೆ ಯಾವ ದಿನ ಸಂಘಕ್ಕೆ ವರ್ಗಾಯಿಸುತ್ತಾರೆ ಅಂತ ಅದೇ ಪುಟದಲ್ಲಿ ಬರೆಸಿ.